ಆರ್ಡರ್ ಅರ್ಥ ಆಗ್ದಾಗ ಫೋನು, ವಾಟ್ಸಾಪ್ ಪೋಲು, ಬಟನ್ನು, ABC: ನಂಗೆ ಸೆಟ್ ಆಗಿದ್ದು ABC ನೇ

ಮನೇಲೇ ಹೋಳಿಗೆ ಮಾಡಿ ಕೊಡ್ತೀನಿ, ಆರ್ಡರ್ ಎಲ್ಲಾ ವಾಟ್ಸಾಪ್‌ನಲ್ಲೇ ಬರೋದು. ಮೆಸೇಜ್ ಹೆಂಗಿರುತ್ತೆ ಅಂದ್ರೆ "ಅಕ್ಕಾ ಬೇಳೆ ಕಾಯಿ ಹೋಳಿಗೆ 20 ಬೇಕು ಮುಂದಿನ ಶುಕ್ರವಾರ". ಈಗ 20 ಅಂದ್ರೆ ಒಂದೊಂದೂ 20 ಆ, ಎರಡೂ ಸೇರಿ 20 ಆ? ಇಂಥದ್ದಕ್ಕೆ ಎಲ್ಲಾ ದಾರೀನೂ ನೋಡಾಯ್ತು, ಇವಾಗ ನಾನು ಕಳ್ಸೋದು ಇಷ್ಟೇ:

```
ಶುಕ್ರವಾರ 8ನೇ ತಾರೀಕಿಗೆ ಅಂತ ಬರ್ಕೊಂಡಿದೀನಿ.
A) ಬೇಳೆ 20 + ಕಾಯಿ 20 = ₹1000
B) ಬೇಳೆ 10 + ಕಾಯಿ 10 = ₹500
C) ಬೇರೆ ಲೆಕ್ಕ, ಬರೆದು ಕಳ್ಸಿ
ಒಂದು ಅಕ್ಷರ ಕಳ್ಸಿದ್ರೆ ಸಾಕು
```

"ಎಷ್ಟು ಅಂತ ಸರಿಯಾಗಿ ಹೇಳಿ" ಅಂತ ಸುಮ್ನೆ ಕೇಳಿದ್ರೆ "ಅದೇ ಅಕ್ಕಾ 20" ಅಂತ ಬರುತ್ತೆ, ಮುಗೀತು ಕಥೆ. ಅವ್ರ ತಲೇಲಿ ಲೆಕ್ಕ ಕ್ಲಿಯರಾಗೇ ಇರುತ್ತೆ, ಅವ್ರು ಬರೆದಿದ್ದಕ್ಕೆ ಇನ್ನೊಂದು ಅರ್ಥಾನೂ ಇದೆ ಅಂತ ಎದುರಿಗೆ ಇಟ್ರೆನೇ ಹೊಳೆಯೋದು.

ಫೋನ್ ಮಾಡೋದು ಒಳ್ಳೇದೇ, ಆದ್ರೆ ಹಬ್ಬದ ಟೈಮಲ್ಲಿ ಕೈ ತುಂಬಾ ಕಣಕ, ಆ ಕಡೆ ಅವ್ರು ಮೀಟಿಂಗಲ್ಲಿ. ಮಾತಾಡಿದ್ದು ಬರಹದಲ್ಲೂ ಉಳಿಯಲ್ಲ. ಮದ್ವೆ ಆರ್ಡರ್ ಆದ್ರೆ ಮಾತ್ರ ಫೋನು, ಆಮೇಲೆ ಮಾತಾಡಿದ್ದನ್ನ ಟೈಪ್ ಮಾಡಿ ಕಳ್ಸ್ತೀನಿ.

ವಾಟ್ಸಾಪ್ ಪೋಲ್ ನೋಡೋಕೆ ಚೆನ್ನಾಗಿದೆ, ಒತ್ತಿದ್ರೆ ಆಯ್ತು. ಆದ್ರೆ ವೋಟನ್ನ ಆಮೇಲೆ ಬದಲಾಯಿಸ್ಬೋದು, ಬದಲಾಯಿಸಿದ್ರೆ ಚಾಟ್‌ನಲ್ಲಿ ಹೊಸ ಮೆಸೇಜ್ ಬರಲ್ಲ. ಬೇಳೆ ಬೇಯೋಕಿಟ್ಟ ಮೇಲೆ ಯಾರೋ ಸುಮ್ನೆ A ಇಂದ B ಗೆ ಹೋದ್ರೆ ಪೋಲ್ ತೆಗೆದು ನೋಡ್ದೇ ಇದ್ರೆ ನಂಗೆ ಗೊತ್ತಾಗ್ದೇನೂ ಹೋಗ್ಬೋದು. ದುಡ್ಡಿನ ವಿಷ್ಯಕ್ಕೆ ನಂಗಿದು ಬೇಡ. ಇನ್ನು ದೊಡ್ಡ ಕಂಪ್ನಿಗಳು ಕಳ್ಸೋ ಥರ ಬಟನ್ ಬೇಕಂದ್ರೆ ವಾಟ್ಸಾಪ್‌ನ ಎಪಿಐ ತಗೋಬೇಕು, ಅದ್ರಲ್ಲೂ ಒಂದು ಮೆಸೇಜಿಗೆ 3 ಬಟನ್, ಒಂದೊಂದ್ರಲ್ಲಿ 20 ಅಕ್ಷರ ಅಷ್ಟೇ. ಅಷ್ಟರೊಳಗೆ ಬೇಳೆ ಎಷ್ಟು ಕಾಯಿ ಎಷ್ಟು ರೇಟ್ ಎಷ್ಟು ಅಂತ ಹಿಡಿಸೋದು ಕಷ್ಟ, ನನ್ನ ವ್ಯಾಪಾರಕ್ಕೆ ಆ ಸೆಟಪ್ಪಿನ ಖರ್ಚೂ ಗಿಟ್ಟಲ್ಲ.

ಸರಿ, A B C ಯಾಕೆ, 1 2 3 ಯಾಕಲ್ಲ? ಇದೇ ನೋಡಿ ನನ್ನ ತಲೆ ತಿಂದಿದ್ದು. ಮೊದ್ಲು ನಂಬರೇ ಹಾಕ್ತಿದ್ದೆ. ಪ್ಯಾಕೆಟ್ ಲೆಕ್ಕದಲ್ಲಿ ಕೇಳಿದ್ದ ಒಬ್ರಿಗೆ ಹಂಗೇ ಕಳ್ಸಿದೆ, ಉತ್ರ ಬಂತು: "2". ಎರಡನೇ ಸಾಲಾ, ಎರಡು ಪ್ಯಾಕೆಟ್ಟಾ? ಕೇಳಿದ್ದೇ ಎಣಿಕೆ ಬಗ್ಗೆ, ಉತ್ರಾನೂ ಎಣಿಕೇನೇ ಆದ್ರೆ ಮತ್ತೆ ಮೊದ್ಲಿಂದ ಶುರು. ಎಣಿಕೆ, ತಾರೀಕು, ಟೈಮು ಇರೋ ಕಡೆ ನಂಬರ್ ಹಾಕ್ಲೇಬಾರ್ದು.

ಕನ್ನಡದಲ್ಲೇ ಇರ್ಲಿ ಅಂತ ಅ, ಆ, ಇ ಹಾಕಿ ನೋಡಿದೆ. ಅದು ಇನ್ನೂ ಕಾಮಿಡಿ. ನಮ್ ಜನ "ಹೂಂ, ಸರಿ" ಅನ್ನೋಕೆ "ಆ" ಅಂತಾನೇ ಟೈಪ್ ಮಾಡೋದು! "ಆ ಅಕ್ಕ" ಅಂತ ಬಂದ್ರೆ ಎರಡನೇದು ಆರಿಸಿದ್ರಾ, ಇಲ್ಲ ಓದದೇ ತಲೆ ಆಡಿಸಿದ್ರಾ ದೇವ್ರಿಗೇ ಗೊತ್ತು. A B C ಗೆ ಆ ಕಾಟ ಇಲ್ಲ, ಕನ್ನಡ ಕೀಬೋರ್ಡಲ್ಲಿ "ಎ" ಅಂತ್ಲೋ "ಏ" ಅಂತ್ಲೋ ಬಂದ್ರೂ A ನೇ. ವಾಯ್ಸ್ ಮೆಸೇಜಲ್ಲಿ ಮಾತ್ರ ಬಿ, ಸಿ, ಡಿ ಒಂದೇ ಥರ ಕೇಳುತ್ತೆ, ಹಂಗಾಗಿ ಟೈಪ್ ಮಾಡಿ ಅಂತೀನಿ.

ಪಟ್ಟಿ ಬರೆಯೋವಾಗ್ಲೂ ಸ್ವಲ್ಪ ನೋಡ್ಕೋಬೇಕು. "ಒಂದೊಂದೂ 20" ಅಂತ ಬರೆದ್ರೆ ಅದೂ ಗೊಂದ್ಲಾನೇ, ಬೇಳೆ 20 ಕಾಯಿ 20 ಅಂತ ಬಿಡಿಸಿ, ಪಕ್ಕದಲ್ಲಿ ರೂಪಾಯಿ ಹಾಕ್ತೀನಿ. ರೂಪಾಯಿ ಕಂಡ್ರೆ ಎಲ್ರೂ ಓದ್ತಾರೆ ಬಿಡಿ. C ಸಾಲು ಹಾಕದೇ ಬಿಟ್ರೆ, ಬೇಳೆ 15 ಕಾಯಿ 5 ಬೇಕಾದೋರು ಹತ್ತಿರ ಇದೆಯಲ್ಲ ಅಂತ B ಒತ್ತಿ ಸುಮ್ನಾಗ್ತಾರೆ.

ಇನ್ನೊಂದು, ಒಂದು ಮೆಸೇಜಲ್ಲಿ ಒಂದೇ ಪ್ರಶ್ನೆ. ಯಾವ ಶುಕ್ರವಾರ ಅನ್ನೋದಕ್ಕೂ ಅಲ್ಲೇ A B ಕೊಟ್ರೆ ಬರೋ "A" ಯಾವುದಕ್ಕೆ? ಅದಕ್ಕೇ ತಾರೀಕು ನಾನೇ ಮೇಲೆ ಬರೆದ್ಬಿಡ್ತೀನಿ, ತಪ್ಪಿದ್ರೆ "ಅಯ್ಯೋ 15 ಕ್ಕೆ ಅಕ್ಕಾ" ಅಂತ ಅವ್ರೇ ಹೇಳ್ತಾರೆ. ತಾರೀಕು ನಂಗೇ ನಿಜವಾಗ್ಲೂ ಡೌಟ್ ಇದ್ರೆ ಲೆಕ್ಕ ಮುಗಿದ ಮೇಲೆ ಬೇರೆ ಮೆಸೇಜ್.

ಇಷ್ಟೆಲ್ಲಾ ಮಾಡಿದ್ರೂ "ಓಕೆ" ಅಂತ ಕಳ್ಸೋರು ಇದ್ದೇ ಇರ್ತಾರೆ. ಅದನ್ನ A ಅಂತ ತಗೊಳಲ್ಲ, "A ನಾ B ನಾ?" ಅಂತ ಇನ್ನೊಂದ್ಸಲ ಕೇಳ್ತೀನಿ, ಆಗ್ಲೂ ಓಕೆ ಬಂದ್ರೆ ಕೈ ತೊಳ್ಕೊಂಡು ಫೋನ್ ಮಾಡ್ತೀನಿ.