ಮದುವೆ ಫೋಟೋಗಳ ಲಿಂಕ್ ಬಂದಿದ್ದರೆ ಅವಧಿ ಮುಗಿಯುವ ಮೊದಲೇ ಜಿಪ್ ತೆರೆದು ನೋಡಿ

ಅಕ್ಕನ ಮಗಳ ಮದುವೆಯ ಮಾಂಗಲ್ಯಧಾರಣೆಯ ಫೋಟೋಗಳು ನಮ್ಮ ಹತ್ತಿರ ಇಲ್ಲ. ಫೋಟೋಗ್ರಾಫರ್ ತೆಗೆದಿದ್ದರು, ಕಳಿಸಿಯೂ ಇದ್ದರು. ಡೌನ್‌ಲೋಡ್ ಕೂಡ ಆಗಿತ್ತು. ಆದರೂ ಹೋಯಿತು. ಈಗ ಮದುವೆ ಸೀಸನ್, ಎಷ್ಟೋ ಮನೆಗಳಿಗೆ ಇಂಥ ಲಿಂಕ್ ಬರುತ್ತಿರುತ್ತದೆ. ಇನ್ನೊಬ್ಬರಿಗೆ ಹೀಗಾಗಬಾರದು ಅಂತ ವಿವರವಾಗಿ ಬರೆಯುತ್ತಿದ್ದೇನೆ.

ಸ್ಟುಡಿಯೋದವರು ಪೆನ್‌ಡ್ರೈವ್ ಕೊಡಲಿಲ್ಲ. ದೊಡ್ಡ ಫೈಲ್ ಕಳಿಸುವ ಒಂದು ಸೈಟಿಗೆ ಅಪ್‌ಲೋಡ್ ಮಾಡಿ ಭಾವನ ಇಮೇಲ್‌ಗೆ ಲಿಂಕ್ ಕಳಿಸಿದರು. ಅವಧಿ 7 ದಿನ. ಇಂಥ ಸೈಟುಗಳು ಉಚಿತ ಖಾತೆಗೆ ಕೊಡುವ ಅವಧಿ ಒಂದೊಂದರಲ್ಲಿ ಒಂದೊಂದು ಥರ, 3 ದಿನದ್ದೂ ಇದೆ, 30 ದಿನದ್ದೂ ಇದೆ. ಎಣಿಕೆ ಶುರುವಾಗುವುದು ನೀವು ಮೇಲ್ ತೆರೆದ ದಿನದಿಂದ ಅಲ್ಲ, ಅವರು ಕಳಿಸಿದ ಗಳಿಗೆಯಿಂದ. ಶುಕ್ರವಾರ ರಾತ್ರಿ 8:40ಕ್ಕೆ ಕಳಿಸಿದ್ದು ಮುಂದಿನ ಶುಕ್ರವಾರ ಮಧ್ಯರಾತ್ರಿವರೆಗೂ ಇರುತ್ತದೆ ಅಂದುಕೊಳ್ಳಬೇಡಿ. ಭಾವನಿಗೆ ಬಂದ ಮೇಲ್ ಜಾಹೀರಾತುಗಳು ಬೀಳುವ ಟ್ಯಾಬಿನಲ್ಲಿ ಕೂತಿತ್ತು. ಅದು ಕಣ್ಣಿಗೆ ಬಿದ್ದದ್ದೇ ಮಂಗಳವಾರ.

ಲಿಂಕ್ ತೆರೆದರೆ ನಾಲ್ಕು ಫೋಲ್ಡರ್: ನಾಂದಿ 3.1 ಜಿಬಿ, ಧಾರೆ 7.2, ಆರತಕ್ಷತೆ 5.4, ವಿಡಿಯೋ 2.9. ಒಟ್ಟು 18.6 ಜಿಬಿ. ಶಿರಸಿಯ ಮನೆಯಲ್ಲಿ ಅಷ್ಟು ಇಳಿಯುವುದು ಕಷ್ಟ ಅಂತ ಬೆಂಗಳೂರಿನಲ್ಲಿರುವ ಅಕ್ಕನ ಮಗನಿಗೆ ಲಿಂಕ್ ಕಳಿಸಿದರು. ಅವನು ರಾತ್ರಿ ಹಚ್ಚಿಟ್ಟು ಮಲಗಿದ. ಬೆಳಿಗ್ಗೆ ನಾಲ್ಕು ಜಿಪ್ ಫೈಲ್ ಇದ್ದವು, ಬ್ರೌಸರ್ ಎಲ್ಲವೂ ಮುಗಿದಿದೆ ಅಂತ ತೋರಿಸುತ್ತಿತ್ತು. ವಿಡಿಯೋ ತೆರೆದು ನೋಡಿದ, ಚೆನ್ನಾಗಿತ್ತು. "ಎಲ್ಲಾ ಬಂತು ಅಪ್ಪ" ಅಂತ ಫೋನ್ ಮಾಡಿದ.

ಒಂದು ಅನುಮಾನ ಅವನಿಗೂ ಬಂದಿತ್ತು. ನಾಲ್ಕೂ ಸೇರಿ ವಿಂಡೋಸ್‌ನಲ್ಲಿ 14.1 ಜಿಬಿ ತೋರಿಸುತ್ತಿತ್ತು. ಸೈಟಿನ ಲೆಕ್ಕ ಬೇರೆ, ವಿಂಡೋಸ್ ಲೆಕ್ಕ ಬೇರೆ, ಅದೂ ಅಲ್ಲದೆ ಜಿಪ್ ಮಾಡಿದರೆ ಚಿಕ್ಕದಾಗುತ್ತೆ ಅಲ್ವಾ ಅಂತ ಸುಮ್ಮನಾದ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಯಾರಿಗಾದರೂ ಹಾಗೇ ಅನಿಸುತ್ತದೆ. ಲೆಕ್ಕ ಬೇರೆ ಅನ್ನುವುದು ನಿಜ. ಸೈಟುಗಳು ಸಾಮಾನ್ಯವಾಗಿ 1000ದ ಲೆಕ್ಕದಲ್ಲಿ ಜಿಬಿ ಹೇಳುತ್ತವೆ, ವಿಂಡೋಸ್ 1024ರ ಲೆಕ್ಕದಲ್ಲಿ. ಆದರೆ ಅದರಿಂದ ಬರುವ ವ್ಯತ್ಯಾಸ ನೂರಕ್ಕೆ ಸುಮಾರು 7 ಮಾತ್ರ. 18.6 ಇದ್ದದ್ದು ವಿಂಡೋಸ್‌ನಲ್ಲಿ 17.3 ಆಗಬಹುದು, 14.1 ಆಗುವುದಿಲ್ಲ. ಇನ್ನು ಜಿಪ್ ಮಾತು. ಜೆಪೆಗ್ ಫೋಟೋ, ಎಂಪಿ4 ವಿಡಿಯೋ ಮೊದಲೇ ಒತ್ತಿ ಚಿಕ್ಕದು ಮಾಡಿದ ಫೈಲುಗಳು. ಜಿಪ್ ಮಾಡಿದರೂ ಗಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ನಮ್ಮ ಧಾರೆ ಫೈಲ್ 6.7 ತೋರಿಸಬೇಕಿತ್ತು, 3.5 ತೋರಿಸುತ್ತಿತ್ತು. ಅರ್ಧವೇ ಬಂದಿತ್ತು.

ಅರ್ಧ ಬಂದದ್ದನ್ನು ಬ್ರೌಸರ್ ಮುಗಿದಿದೆ ಅಂತ ಯಾಕೆ ತೋರಿಸಿತು? ಇದು ಗೊತ್ತಿರಲೇಬೇಕಾದ ವಿಷಯ. ನೀವು ಇಡೀ ಫೋಲ್ಡರ್ ಡೌನ್‌ಲೋಡ್ ಒತ್ತಿದಾಗ ಕೆಲವು ಸೈಟುಗಳು ಆಗಿಂದಾಗಲೇ ಜಿಪ್ ಕಟ್ಟುತ್ತಾ ಕಳಿಸುತ್ತಾ ಹೋಗುತ್ತವೆ. ಒಟ್ಟು ಎಷ್ಟು ಅಂತ ಬ್ರೌಸರ್‌ಗೆ ಮೊದಲೇ ಹೇಳುವುದಿಲ್ಲ. ಹಾಗಾಗಿ ನಡುವೆ ಸಂಪರ್ಕ ನಿಂತರೆ, ಮುಗಿದು ನಿಂತಿತೋ ಕಡಿದು ನಿಂತಿತೋ ಬ್ರೌಸರ್‌ಗೆ ಕೆಲವೊಮ್ಮೆ ಗೊತ್ತಾಗುವುದೇ ಇಲ್ಲ. ಗುರುತು ಹಿಡಿಯುವುದು ಸುಲಭ. ಡೌನ್‌ಲೋಡ್ ಆಗುವಾಗ "ಇಷ್ಟರಲ್ಲಿ ಇಷ್ಟು" ಅಂತ ತೋರಿಸದೆ ಬರೀ ಬಂದಷ್ಟನ್ನೇ ತೋರಿಸುತ್ತಿದ್ದರೆ ಅದು ಈ ಥರದ್ದು. ಇಂಥದ್ದು ನಡುವೆ ನಿಂತರೆ ಅಲ್ಲಿಂದಲೇ ಮುಂದುವರಿಸಲು ಸಾಮಾನ್ಯವಾಗಿ ಆಗುವುದಿಲ್ಲ, ಮೊದಲಿಂದ ಇಳಿಸಬೇಕು. ಸೈಟಿನಲ್ಲಿ ಫೈಲುಗಳನ್ನು ಬಿಡಿಬಿಡಿಯಾಗಿ ಇಳಿಸುವ ದಾರಿ ಇದ್ದರೆ ಅದೇ ವಾಸಿ.

ನಾವು ಧಾರೆ ಜಿಪ್ ತೆರೆದದ್ದು ಲಿಂಕ್ ಸತ್ತ ಮೇಲೆ, ಆಲ್ಬಮ್‌ಗೆ ಫೋಟೋ ಆರಿಸಲು ಕೂತಾಗ. ಫೋಲ್ಡರ್ ಸರಿಯಿಲ್ಲ ಅಂತ ವಿಂಡೋಸ್ ತೆರೆಯಲೇ ಇಲ್ಲ. ಭಾವ ಸ್ಟುಡಿಯೋಗೆ ಫೋನ್ ಮಾಡಿದರು. "ಲಿಂಕ್ ಕಳಿಸಿದ್ವಲ್ಲ ಸಾರ್. ಸೀಸನ್ ನೋಡಿ, ಕಾರ್ಡ್ ಖಾಲಿ ಮಾಡಿ ಬೇರೆ ಮದುವೆಗೆ ಹಾಕಿದ್ದೀವಿ. ಕಂಪ್ಯೂಟರಿಂದಲೂ ತೆಗೆದಾಯ್ತು" ಅಂದರು. ಒಂದು ಮಾತು ಮುಂಚೆ ಕೇಳಬಹುದಿತ್ತು, "ಎಲ್ಲಾ ತೆರೆದು ನೋಡಿದ್ರಾ, ಅಳಿಸಲಾ?" ಅಂತ. ಕೇಳಲಿಲ್ಲ. ಈ ವಿಷಯದಲ್ಲಿ ನನಗೆ ಇವತ್ತಿಗೂ ಸಿಟ್ಟಿದೆ.

ಸ್ವಲ್ಪ ಮಾತ್ರ ಉಳಿಯಿತು. ಜಿಪ್ ಫೈಲಿನ ಪಟ್ಟಿ ಇರುವುದು ಅದರ ಕೊನೆಯಲ್ಲಿ. ಕೊನೆ ಬರದಿದ್ದರೆ ವಿಂಡೋಸ್ ಕೈ ಚೆಲ್ಲುತ್ತದೆ. ಆದರೆ ಒಳಗಿನ ಪ್ರತಿ ಫೋಟೋ ಮುಂದೆಯೂ ಅದರ ಹೆಸರು ಬರೆದಿರುತ್ತದೆ. ಹಾಗಾಗಿ 7-Zip ಅನ್ನುವ ಉಚಿತ ತಂತ್ರಾಂಶ ಕಡಿದ ಜಾಗದವರೆಗಿನ ಫೋಟೋಗಳನ್ನು ಎಷ್ಟೋ ಸಲ ಹೊರತೆಗೆದು ಕೊಡುತ್ತದೆ. ನಮಗೂ ಕೊಟ್ಟಿತು. ವರಪೂಜೆ ಸಿಕ್ಕಿತು, ಅಂತಃಪಟ ಹಿಡಿದದ್ದು ಸಿಕ್ಕಿತು. ಅಲ್ಲಿಗೆ ನಿಂತಿತು. ನಿಮ್ಮಲ್ಲಿ ಹೀಗೆ ಕೆಟ್ಟ ಜಿಪ್ ಇದ್ದರೆ ಅಳಿಸುವ ಮುನ್ನ ಇದನ್ನೊಮ್ಮೆ ಮಾಡಿ ನೋಡಿ.

ಲಿಂಕ್ ಜೀವಂತ ಇದ್ದಾಗ ಮಾಡಬೇಕಾದದ್ದು ಅರ್ಧ ಗಂಟೆಯ ಕೆಲಸ. ಲಿಂಕ್ ತೆರೆದ ತಕ್ಷಣ ಆ ಪೇಜಿನ ಸ್ಕ್ರೀನ್‌ಶಾಟ್ ತೆಗೆದಿಡಿ. ಹೆಸರು, ಗಾತ್ರ, ಮುಗಿಯುವ ಸಮಯ ಎಲ್ಲ ಅದರಲ್ಲಿ ಇರಲಿ, ಆಮೇಲೆ ಹೋಲಿಸಿ ನೋಡಲು ನಿಮಗಿರುವುದು ಅದೊಂದೇ. ಡಿಸ್ಕಿನಲ್ಲಿ ಗಾತ್ರದ ಎರಡರಷ್ಟು ಜಾಗ ಇದೆಯಾ ನೋಡಿ, ಜಿಪ್ಪೂ ಇರಬೇಕು, ಬಿಚ್ಚಿದ ಫೋಟೋಗಳೂ ಇರಬೇಕು. ಇಳಿಸಿದ ಮೇಲೆ 7-Zip ಇದ್ದರೆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ `Test archive` ಒತ್ತಿ. ಕಮಾಂಡ್ ಬಳಸುವವರಾದರೆ:

```
7z t dhaare.zip
```

`Everything is Ok` ಅಂತ ಬರಬೇಕು. `Unexpected end` ಅಂತ ಬಂದರೆ ಫೈಲ್ ಪೂರ್ತಿ ಬಂದಿಲ್ಲ, ಅವತ್ತೇ ಮತ್ತೆ ಇಳಿಸಿ. ಸರಿ ಇದ್ದರೂ ಪೂರ್ತಿ ಬಿಚ್ಚಿ, ಕೊನೆಯ ಕೆಲವು ಫೋಟೋಗಳನ್ನು ತೆರೆದು ನೋಡಿ. ಆಮೇಲೆ ಇನ್ನೊಂದು ಕಡೆ ನಕಲು ಮಾಡಿ. ಹಳೇ ಪೆನ್‌ಡ್ರೈವ್ ಎಫ್ಎಟಿ32 ಮಾದರಿಯದ್ದಾದರೆ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಅದಕ್ಕೆ ಹೋಗುವುದಿಲ್ಲ, ಬಿಚ್ಚಿದ ಫೋಟೋಗಳನ್ನು ಹಾಕಿ.

ಕೊನೇ ದಿನಕ್ಕೆ ಇಟ್ಟುಕೊಳ್ಳಬೇಡಿ. ಕೆಲವು ಸೈಟುಗಳಲ್ಲಿ ದಿನದ ಜೊತೆ ಎಷ್ಟು ಸಲ ಇಳಿಸಬಹುದು ಅನ್ನುವ ಮಿತಿಯೂ ಇರುತ್ತದೆ. ಫ್ಯಾಮಿಲಿ ಗ್ರೂಪಿಗೆ ಹಾಕಿದರೆ ನೆಂಟರೇ ಅದನ್ನು ಮುಗಿಸಿಬಿಡಬಹುದು. ಸೈಟೇ ಸಿಗದೆ ಹೋಗುವುದೂ ಉಂಟು. 2020ರ ಮೇನಲ್ಲಿ ನಮ್ಮ ದೇಶದಲ್ಲಿ ವಿಟ್ರಾನ್ಸ್‌ಫರ್ ತಡೆಹಿಡಿಯಲು ದೂರಸಂಪರ್ಕ ಇಲಾಖೆ ಆದೇಶ ಕೊಟ್ಟಿತ್ತು.

ಲಿಂಕ್ ಈಗಾಗಲೇ ಮುಗಿದಿದ್ದರೆ ಸೈಟಿನವರಿಗೆ ಬರೆಯುತ್ತಾ ಕೂರುವುದಕ್ಕಿಂತ ಮೊದಲು ಕಳಿಸಿದವರಿಗೆ ಫೋನ್ ಮಾಡಿ. ಅವಧಿ ಮುಗಿದ ಮೇಲೂ ತೆರೆಯುವ ಅವಕಾಶ ಕೆಲವು ಸೈಟುಗಳ ಹಣ ಕಟ್ಟಿದ ಖಾತೆಯಲ್ಲಿ ಇರಬಹುದು, ಆದರೆ ಅದು ಅವರ ಕೈಯಲ್ಲಿದೆ, ನಿಮ್ಮ ಕೈಯಲ್ಲಿಲ್ಲ. ಇನ್ನೂ ಲಿಂಕ್ ಬರಬೇಕಿದ್ದರೆ ಇವತ್ತೇ ಸ್ಟುಡಿಯೋಗೆ ಇಷ್ಟು ಬರೆದು ಕಳಿಸಿ: "ಫೋಟೋಗಳನ್ನು ಪೂರ್ತಿ ತೆರೆದು ನೋಡಿ ನಾವೇ ತಿಳಿಸುತ್ತೇವೆ. ಅಲ್ಲಿಯವರೆಗೆ ಕಾರ್ಡೂ ಕಂಪ್ಯೂಟರಿನಲ್ಲಿರುವ ಪ್ರತಿಯೂ ಅಳಿಸಬೇಡಿ. ಒಟ್ಟು ಎಷ್ಟು ಫೋಟೋ ಅಂತ ಲಿಂಕ್ ಜೊತೆ ಬರೆದು ಕಳಿಸಿ."