ಕರುವಿನ ಕೊಂಬು: ಕಾಸ್ಟಿಕ್ ಹಚ್ಚೋದಾ, ಕಾದ ಕಬ್ಬಿಣದಲ್ಲಿ ಸುಡಿಸೋದಾ?

ಕೊಂಬು ಬೆಳೆಯದಂತೆ ಮಾಡೋಕೆ, ಕರು ಹುಟ್ಟಿ ವಾರವೂ ಆಗಿಲ್ಲ ಅಂದ್ರೆ ಕಾಸ್ಟಿಕ್ ಪೇಸ್ಟ್ ಹಚ್ಚಬಹುದು. ಕೊಂಬಿನ ಮೊಳಕೆಯ ಸುತ್ತ ಕೂದಲು ಕತ್ತರಿಸಿ, ವ್ಯಾಸಲಿನ್ ಉಂಗುರ ಹಾಕಿ, ಕೈಗವಸು ತೊಟ್ಟು ತೆಳುವಾಗಿ ಹಚ್ಚಬೇಕು. ಸುಲಭ ಅನ್ನಿಸುತ್ತೆ, ಅಲ್ವಾ? ಆದರೆ ಮಳೆ ಬಿದ್ದರೆ ಅದು ಕಣ್ಣಿಗೆ ಇಳಿಯುತ್ತದೆ. ಕರು ತಾಯಿಯ ಕೆಚ್ಚಲಿಗೆ ತಲೆ ಉಜ್ಜಿದರೆ ಅಲ್ಲೂ ಸುಡುತ್ತದೆ.

ತಾಯಿ ಜೊತೆಗೇ ಕರು ಬಿಡುವವರಿಗೆ ನಾನು ಹೇಳುವುದು ಕಬ್ಬಿಣವೇ. ಮೊಳಕೆ ಕೈಗೆ ಸಿಗುವಾಗ, ಎರಡು ತಿಂಗಳೊಳಗೆ ಮಾಡಿಸಿ. ಆಮೇಲೆ ಅದು ತಲೆಬುರುಡೆಗೆ ಅಂಟಿಕೊಳ್ಳುತ್ತದೆ.

ನೋವು ಎರಡರಲ್ಲೂ ಇದೆ, ಪೇಸ್ಟ್‌ನಲ್ಲಿ ಗಂಟೆಗಟ್ಟಲೆ. ಡಾಕ್ಟರ್ ಕಣ್ಣು-ಕೊಂಬಿನ ನಡುವೆ ಮರಗಟ್ಟಿಸುವ ಲಿಗ್ನೊಕೇನ್ ಕೊಟ್ಟು ಹತ್ತು ನಿಮಿಷ ಕಾಯಲಿ. ಆಮೇಲೆ ಮೊಳಕೆಯ ಸುತ್ತ ಸೂಜಿ ಚುಚ್ಚಿ ನೋಡಿದಾಗ ಕರು ತಲೆ ಕೊಡವಿದರೆ ಇನ್ನೂ ಮರಗಟ್ಟಿಲ್ಲ. ಆ ಮದ್ದು ಒಂದೆರಡು ಗಂಟೆಯಷ್ಟೇ. ನಂತರದ ನೋವಿಗೆ ಮೆಲಾಕ್ಸಿಕ್ಯಾಮ್ ಕೇಳಿ. ಸುಟ್ಟ ಜಾಗದ ಸುತ್ತ ತಾಮ್ರದ ಬಣ್ಣದ ಉಂಗುರ ಪೂರ್ತಿ ಮೂಡಬೇಕು. ಅರ್ಧ ಮೂಡಿದರೆ ಸೊಟ್ಟ ಕೊಂಬು ಮತ್ತೆ ಬರುತ್ತದೆ.

ಹಕ್ಕಳೆ ಕೀಳಬೇಡಿ. ಸುತ್ತ ನೊಣ ಓಡಿಸುವ ಮುಲಾಮು ಹಚ್ಚಿ. ವಾಸನೆ, ಕೀವು, ತಲೆ ವಾಲಿಸುವುದು ಕಂಡರೆ ಅವತ್ತೇ ಡಾಕ್ಟರನ್ನು ಕರೆಸಿ.

ಮೇಕೆ ಮರಿಗೆ ಇದೇ ಲೆಕ್ಕ ಹಾಕಬೇಡಿ. ಬುರುಡೆ ತೆಳು, ಜಾಸ್ತಿ ಹೊತ್ತು ಒತ್ತಿದರೆ ಮಿದುಳಿಗೇ ಬಿಸಿ ತಾಗುತ್ತದೆ.