ಓಡುವಾಗ ಬ್ಯಾಂಡ್ ಎಣಿಸುತ್ತಿದ್ದದ್ದು ನನ್ನ ಹೆಜ್ಜೆಗಳನ್ನು: 14 ತಿಂಗಳ ಬಳಕೆಯ ನಂತರ

ಈ ಫಿಟ್‌ನೆಸ್ ಬ್ಯಾಂಡನ್ನು 14 ತಿಂಗಳಿನಿಂದ ದಿನವೂ ಕಟ್ಟಿಕೊಳ್ಳುತ್ತಿದ್ದೇನೆ. ಮೊದಲ ಮೂರು ತಿಂಗಳು ಇದು ತೋರಿಸುವ ಹೃದಯ ಬಡಿತದ ಮೇಲೆ ನನಗೆ ನಂಬಿಕೆಯೇ ಇರಲಿಲ್ಲ. ಪಕ್ಕದವರೊಡನೆ ಮಾತನಾಡುತ್ತಾ ಓಡುವಷ್ಟು ನಿಧಾನವಾಗಿದ್ದಾಗಲೂ ಪರದೆಯ ಮೇಲೆ 164 ಎಂಬ ಅಂಕಿ ನಿಮಿಷಗಟ್ಟಲೆ ಕದಲದೆ ನಿಲ್ಲುತ್ತಿತ್ತು. ಒಂದು ದಿನ ಓಟ ನಿಲ್ಲಿಸಿದ ತಕ್ಷಣ ಕುತ್ತಿಗೆಯ ಪಕ್ಕ ಎರಡು ಬೆರಳಿಟ್ಟು 15 ಸೆಕೆಂಡು ಎಣಿಸಿದೆ. 33 ಬಡಿತ, ಅಂದರೆ ನಿಮಿಷಕ್ಕೆ 132. ಆ ಓಟದ ವಿವರವನ್ನು ಆ್ಯಪ್‌ನಲ್ಲಿ ತೆರೆದಾಗ ನಿಮಿಷಕ್ಕೆ ಇಟ್ಟ ಹೆಜ್ಜೆಗಳ ಸಂಖ್ಯೆ 164 ಎಂದಿತ್ತು.

ಬ್ಯಾಂಡಿನ ಹಿಂಬದಿಯ ಹಸಿರು ಬೆಳಕನ್ನು ರಕ್ತ ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಚರ್ಮದ ಕೆಳಗಿನ ರಕ್ತದ ಪ್ರಮಾಣ ಹೆಚ್ಚು ಕಡಿಮೆಯಾಗುವುದರಿಂದ ಮರಳಿ ಬರುವ ಬೆಳಕಿನಲ್ಲಿ ಸಣ್ಣ ಏರಿಳಿತ ಕಾಣುತ್ತದೆ. ಪಟ್ಟಿ ಸಡಿಲವಾಗಿದ್ದರೆ ಪ್ರತಿ ಹೆಜ್ಜೆಗೂ ಸೆನ್ಸರ್ ಚರ್ಮದಿಂದ ಒಂದಿಷ್ಟು ಎದ್ದು ಕೂರುತ್ತದೆ, ಸಂದಿನಿಂದ ಹೊರಗಿನ ಬೆಳಕೂ ನುಗ್ಗುತ್ತದೆ, ಆ ದೊಡ್ಡ ಏರಿಳಿತವನ್ನೇ ಬ್ಯಾಂಡ್ ನಾಡಿಯೆಂದು ಭಾವಿಸುತ್ತದೆ. ಅನುಮಾನ ಬಂದಾಗ ನಾನು ವೇಗ ಬದಲಿಸದೆ ಹೆಜ್ಜೆಗಳನ್ನು ಚಿಕ್ಕದಾಗಿಸಿ ಬೇಗಬೇಗ ಇಡುತ್ತೇನೆ. ಅಂಕಿಯೂ ಕೂಡಲೇ ಅಷ್ಟೇ ಏರಿದರೆ ಅದು ಹೃದಯದ ಲೆಕ್ಕವಲ್ಲ.

ನನ್ನ ದೊಡ್ಡ ದೂರು ಇದರ ಪಟ್ಟಿಯ ಬಗ್ಗೆ. ತೂತುಗಳ ನಡುವಿನ ಅಂತರ ಎಷ್ಟಿದೆಯೆಂದರೆ ಒಂದರಲ್ಲಿ ಬ್ಯಾಂಡ್ ಜಾರುತ್ತದೆ, ಮುಂದಿನದರಲ್ಲಿ ಕೈ ಕಚ್ಚುತ್ತದೆ. ಬಿಗಿ ಮಾಡಿದಷ್ಟೂ ಒಳ್ಳೆಯದೆಂದು ತಿಳಿದು ಕೆಲವು ವಾರ ಚರ್ಮದ ಮೇಲೆ ಅಚ್ಚು ಮೂಡುವಂತೆ ಕಟ್ಟಿಕೊಂಡೆ. ಆದರೆ ಹಾಗೆ ಒತ್ತಿದಾಗ ಅಲ್ಲಿನ ಸಣ್ಣ ರಕ್ತನಾಳಗಳೇ ಅದುಮಿಹೋಗಿ ಅಳೆಯಬೇಕಾದ ಏರಿಳಿತ ಇನ್ನಷ್ಟು ಕ್ಷೀಣಿಸುತ್ತದೆ. ಕೊನೆಗೆ ತೂತುಗಳಿಲ್ಲದ, ಬೇಕಾದಲ್ಲಿಗೆ ಎಳೆದು ಅಂಟಿಸುವ ಬಟ್ಟೆಯ ಪಟ್ಟಿ ಹಾಕಿಸಿಕೊಂಡೆ. ಈಗ ಓಟಕ್ಕೆ ಮುನ್ನ ಬ್ಯಾಂಡನ್ನು ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳಿನಷ್ಟು ಮೇಲಕ್ಕೆ ಸರಿಸಿ, ಬೆರಳಿನಿಂದ ತಳ್ಳಿದರೆ ಚರ್ಮವೂ ಜೊತೆಗೇ ಸರಿಯುವಷ್ಟು ಬಿಗಿ ಮಾಡುತ್ತೇನೆ, ಮನೆಗೆ ಬಂದ ಮೇಲೆ ಸಡಿಲಿಸುತ್ತೇನೆ.

ಆ ಬದಲಾವಣೆಯಾದ ಮೇಲೆ ನನ್ನ ಸಿಟ್ಟು ಬಹುಪಾಲು ಇಳಿಯಿತು. ಆದರೂ ಆಗಾಗ ಅಂಕಿಗಳು ಮಾಯವಾಗಿ ಬರಿಯ ಗೆರೆಗಳು ಕಾಣುತ್ತಿದ್ದವು. ಕಿಟಕಿಯ ಬೆಳಕಿಗೆ ಬ್ಯಾಂಡನ್ನು ಓರೆಯಾಗಿ ಹಿಡಿದಾಗ ಸೆನ್ಸರಿನ ಗಾಜಿನ ಮೇಲೆ ಬೆವರು ಮತ್ತು ಸನ್‌ಸ್ಕ್ರೀನ್ ಒಣಗಿ ಕಟ್ಟಿದ ಮಸುಕು ಪದರ, ಅಂಚಿನಲ್ಲಿ ಬಿಳಿಯ ಉಪ್ಪಿನ ಗೆರೆ ಕಂಡವು. ಅಂಥ ಪದರ ಹೋಗುವ ಬೆಳಕನ್ನೂ ಬರುವ ಬೆಳಕನ್ನೂ ಚದುರಿಸುತ್ತದೆ. ಈಗ ಪ್ರತಿ ಓಟದ ನಂತರ ಒದ್ದೆ ಮಾಡಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಗಾಜನ್ನೂ ಮಣಿಕಟ್ಟನ್ನೂ ಒರೆಸಿ, ಎರಡೂ ಪೂರ್ತಿ ಒಣಗಿದ ಮೇಲೆಯೇ ಕಟ್ಟಿಕೊಳ್ಳುತ್ತೇನೆ. ಅರ್ಧ ನಿಮಿಷದ ಈ ಕೆಲಸ ನನಗೆ ಪ್ರಿಯವಾಗಿಬಿಟ್ಟಿದೆ.

ಚಳಿಯ ಬೆಳಿಗ್ಗೆ ಚರ್ಮಕ್ಕೆ ರಕ್ತ ಕಡಿಮೆ ಹರಿಯುವುದರಿಂದ ಮೈ ಬಿಸಿಯಾಗುವವರೆಗಿನ ಅಂಕಿಗಳನ್ನು ನಾನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಭಾರ ಎತ್ತುವಾಗ ಮಣಿಕಟ್ಟು ಬಾಗಿ ಸ್ನಾಯುಗಳು ಬಿಗಿಯುವುದರಿಂದ ಆಗಲೂ ಇದು ತಪ್ಪುತ್ತದೆ; ಅಂಥ ವ್ಯಾಯಾಮವೇ ಮುಖ್ಯವಾದವರಿಗೆ ಹೃದಯದ ವಿದ್ಯುತ್ ಸಂಕೇತವನ್ನು ಅಳೆಯುವ ಎದೆಪಟ್ಟಿಯೇ ಸೂಕ್ತ. ಸಮವೇಗದ ಓಟದಲ್ಲಿ ಮಾತ್ರ ಈಗ ಕುತ್ತಿಗೆಯ ಎಣಿಕೆಗೂ ಬ್ಯಾಂಡಿನ ಅಂಕಿಗೂ ನಾಲ್ಕೈದು ಬಡಿತಕ್ಕಿಂತ ಹೆಚ್ಚು ವ್ಯತ್ಯಾಸ ಕಾಣುತ್ತಿಲ್ಲ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಅದರ ಜೊತೆಗೆ ಬಂದ ಪಟ್ಟಿಯದು.